ನೂರು ಡಿಗ್ರಿಯ ಕೋನ ಯಾವ ಕಂಸದ ಮೇಲೆ ನಿಂತಿದೆ?

ಫೋನಿನ ಪರದೆಯ ಮೇಲೆ ಪಠ್ಯಪುಸ್ತಕದ ಒಂದು ಪುಟ. ಪುಟದ ನಡುವೆ ಒಂದು ವೃತ್ತ. ವೃತ್ತದ ಅಂಚಿನ ಮೇಲೆ ಎಡಗಡೆ P, ಬಲಗಡೆ R. ಎರಡನ್ನೂ ಸೇರಿಸುವ ಒಂದು ಅಡ್ಡಗೆರೆ, ಅಂದರೆ ಜ್ಯಾ. ಜ್ಯಾದ ಮೇಲ್ಭಾಗದಲ್ಲಿ, ವೃತ್ತದ ಅಂಚಿನ ಮೇಲೆಯೇ, Q. ಜ್ಯಾದ ಕೆಳಗೆ ವೃತ್ತದ ಕೇಂದ್ರ O. Qನಿಂದ P ಮತ್ತು Rಗೆ ಎರಡು ಗೆರೆಗಳು, Oನಿಂದ P ಮತ್ತು Rಗೆ ಇನ್ನೆರಡು. Q ಇರುವ ಮೂಲೆಯಲ್ಲಿ ಸಣ್ಣದೊಂದು ಕಮಾನು ಎಳೆದು ಪಕ್ಕದಲ್ಲಿ 100° ಎಂದು ಬರೆದಿದೆ. ಪ್ರಶ್ನೆ ಒಂದೇ ಸಾಲಿನದು: ∠OPR ಎಷ್ಟು?

ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿ ಗಣಿತ ಪುಸ್ತಕದ ವೃತ್ತಗಳ ಅಧ್ಯಾಯದಲ್ಲಿ ಈ ಲೆಕ್ಕ ವರ್ಷಗಟ್ಟಲೆ ಇತ್ತು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಇಂಥದ್ದೊಂದು ಚಿತ್ರದ ಫೋಟೊ ನಿಮಗೂ ಬಂದಿರುತ್ತದೆ, ಜೊತೆಗೆ ‘ಇದನ್ನು ಹೇಗೆ ಮಾಡೋದು?’ ಎಂಬ ಪ್ರಶ್ನೆಯೂ. ಶಾಲೆ ಬಿಟ್ಟು ಇಪ್ಪತ್ತು ವರ್ಷವಾದವರಿಗೂ ವೃತ್ತದ ಪಾಠದಿಂದ ಒಂದು ಮಾತು ನೆನಪಿರುತ್ತದೆ: ಕೇಂದ್ರದ ಕೋನ ಅಂಚಿನ ಕೋನದ ಎರಡರಷ್ಟು. ಹಾಗಾದರೆ ನೂರರ ಎರಡರಷ್ಟು ಇನ್ನೂರು. ಆದರೆ ಚಿತ್ರದಲ್ಲಿ O ಇರುವುದು OPR ಎಂಬ ತ್ರಿಭುಜದ ಮೂಲೆಯಲ್ಲಿ, ತ್ರಿಭುಜದ ಮೂರು ಕೋನಗಳೂ ಸೇರಿ 180 ಡಿಗ್ರಿ ದಾಟುವಂತಿಲ್ಲ. ನೆನಪಿನಲ್ಲಿದ್ದ ಒಂದೇ ಸೂತ್ರ ಇಲ್ಲಿ ಕೈಕೊಡುತ್ತದೆ. ಅದಕ್ಕೇ ನನಗೆ ಈ ಲೆಕ್ಕದ ಮೇಲೆ ಪ್ರೀತಿ. ಸೂತ್ರ ಕಂಠಪಾಠವಾಗಿದೆಯೋ, ಚಿತ್ರ ಅರ್ಥವಾಗಿದೆಯೋ ಎಂಬುದನ್ನು ಇಷ್ಟು ಚೊಕ್ಕವಾಗಿ ಪರೀಕ್ಷಿಸುವ ಇನ್ನೊಂದು ಲೆಕ್ಕ ಆ ಅಧ್ಯಾಯದಲ್ಲಿ ಕಡಿಮೆ.

ಮೊದಲು ಫೋಟೊದ ಬಗ್ಗೆ ಒಂದು ಎಚ್ಚರಿಕೆ. ಚಿತ್ರ ಕಂಡ ಕೂಡಲೇ ಕಣ್ಣು ಅಳೆಯಲು ಶುರುಮಾಡುತ್ತದೆ. ಕೆಲವರು ಕೋನಮಾಪಕವನ್ನೇ ಪರದೆಯ ಮೇಲೆ ಇಡುತ್ತಾರೆ. ಆದರೆ ಮೇಜಿನ ಮೇಲಿನ ಪುಸ್ತಕದ ನೆತ್ತಿಗೆ ಸರಿಯಾಗಿ ಫೋನು ಹಿಡಿದು ಚಿತ್ರ ತೆಗೆಯುವವರು ವಿರಳ. ಸ್ವಲ್ಪ ಓರೆಯಾಗಿ ಹಿಡಿದರೂ ಪುಟದ ಎತ್ತರ ಕುಗ್ಗುತ್ತದೆ, ವೃತ್ತ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಸುಮಾರು 37 ಡಿಗ್ರಿ ಓರೆಯಾದರೆ ಎತ್ತರ ಐದರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತದೆ, ಅಗಲ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಆಗ ವೃತ್ತದ ನೆತ್ತಿಯ ಮೇಲಿರುವ Qನ 100 ಡಿಗ್ರಿ ಕೋನವನ್ನು ಪರದೆಯ ಮೇಲೆ ಅಳೆದರೆ ಸುಮಾರು 112 ಬರುತ್ತದೆ. ನಾವು ಹುಡುಕುತ್ತಿರುವ ಕೋನವೂ ಅದರ ನಿಜವಾದ ಅಳತೆಗಿಂತ ಸಣ್ಣದಾಗಿ ಕಾಣುತ್ತದೆ. ಸಾಲದ್ದಕ್ಕೆ, ಪುಸ್ತಕದಲ್ಲಿ ಅಚ್ಚಾದ ಚಿತ್ರವೇ ಎಷ್ಟೋ ಸಲ ಅಳತೆಗೆ ಸರಿಯಾಗಿ ಬರೆದದ್ದಾಗಿರುವುದಿಲ್ಲ. ಅಕ್ಷರಗಳಿಗೆ ಜಾಗ ಸಿಗಲೆಂದು ಬಿಂದುಗಳನ್ನು ಅತ್ತಿತ್ತ ಸರಿಸಿರುತ್ತಾರೆ.

ಓರೆ ಫೋಟೊದಲ್ಲೂ ಕೆಡದೆ ಉಳಿಯುವ ಸಂಗತಿಗಳಿವೆ. ನೇರ ಗೆರೆ ನೇರವಾಗಿಯೇ ಕಾಣುತ್ತದೆ. ಯಾವ ಬಿಂದು ವೃತ್ತದ ಮೇಲಿದೆ, ಯಾವುದು ಒಳಗಿದೆ ಎಂಬುದು ಬದಲಾಗುವುದಿಲ್ಲ. ಜ್ಯಾದ ಯಾವ ಪಕ್ಕಕ್ಕೆ ಯಾವ ಬಿಂದು ಇದೆ ಎಂಬುದೂ ಬದಲಾಗುವುದಿಲ್ಲ. ಉಳಿದದ್ದನ್ನು ಬರವಣಿಗೆಯಿಂದ ಪಡೆಯಬೇಕು: O ಕೇಂದ್ರ ಎಂದು ಪ್ರಶ್ನೆಯಲ್ಲಿ ಹೇಳಿದೆಯೇ, 100° ಎಂಬ ಸಂಖ್ಯೆ ಯಾವ ಕಮಾನಿನ ಪಕ್ಕದಲ್ಲಿದೆ ಎಂಬುದನ್ನು. ಫೋಟೊದಲ್ಲಿ OPಗಿಂತ OR ಉದ್ದವಾಗಿ ಕಂಡರೂ ಎರಡೂ ತ್ರಿಜ್ಯಗಳೇ, ಆದ್ದರಿಂದ ಸಮ. ಕಣ್ಣು ಏನೇ ಹೇಳಲಿ, ಸಾಧನೆಯಲ್ಲಿ ನಿಲ್ಲುವುದು ಆ ಮಾತೇ.

ಈಗ ಚಿತ್ರದೊಳಗೆ ಹೋಗೋಣ. ವೃತ್ತದ ಅಂಚಿನ ಮೇಲಿರುವ ಯಾವ ಕೋನ ಕಂಡರೂ ಮೊದಲು ಕೇಳಬೇಕಾದ ಪ್ರಶ್ನೆ, ಅದು ಯಾವ ಕಂಸದ ಮೇಲೆ ನಿಂತಿದೆ ಎಂಬುದು. Qನಲ್ಲಿ ಒಂದು ಟಾರ್ಚು ಇಟ್ಟಿದ್ದೇವೆ, ಅದರ ಬೆಳಕು QP ಮತ್ತು QR ಗೆರೆಗಳ ನಡುವೆ ಮಾತ್ರ ಹರಡುತ್ತದೆ ಎಂದುಕೊಳ್ಳಿ. ಎದುರಿಗೆ ವೃತ್ತದ ಅಂಚಿನ ಯಾವ ಭಾಗಕ್ಕೆ ಬೆಳಕು ಬೀಳುತ್ತದೋ ಅದೇ ಆ ಕೋನದ ಕಂಸ. ನಮ್ಮ ಚಿತ್ರದಲ್ಲಿ ಬೆಳಕು ಬೀಳುವುದು Pನಿಂದ ಕೆಳಗಿಳಿದು, ವೃತ್ತದ ತಳ ಸುತ್ತಿ, R ತನಕ ಏರುವ ದೊಡ್ಡ ಕಂಸದ ಮೇಲೆ. Q ತಾನೇ ಕೂತಿರುವ ಮೇಲಿನ ಕಂಸದ ಮೇಲೆ ಅಲ್ಲ. P ಮತ್ತು R ನಡುವೆ ಎರಡು ಕಂಸಗಳಿವೆ, ಮೇಲಿನದು ಲಘು ಕಂಸ, ಕೆಳಗಿನದು ಅಧಿಕ ಕಂಸ. ಪ್ರಮೇಯದ ಮಾತು ಇಷ್ಟೇ: ಒಂದು ಕಂಸ ಕೇಂದ್ರದಲ್ಲಿ ಏರ್ಪಡಿಸುವ ಕೋನ, ಅದೇ ಕಂಸ ವೃತ್ತದ ಉಳಿದ ಭಾಗದ ಮೇಲಿನ ಯಾವುದೇ ಬಿಂದುವಿನಲ್ಲಿ ಏರ್ಪಡಿಸುವ ಕೋನದ ಎರಡರಷ್ಟು. ಇದರಲ್ಲಿ ‘ಅದೇ ಕಂಸ’ ಎಂಬುದನ್ನು ಬಿಟ್ಟು ‘ಎರಡರಷ್ಟು’ ಎಂಬುದನ್ನು ಮಾತ್ರ ನೆನಪಿಟ್ಟುಕೊಂಡಾಗಲೇ ತೊಂದರೆ ಆರಂಭವಾಗುವುದು.

ಅದು ಯಾಕೆ ಎರಡರಷ್ಟು? ಒಂದು ಗೆರೆ ಎಳೆದರೆ ಉತ್ತರ ಕಾಣುತ್ತದೆ. ನಮ್ಮ ಲೆಕ್ಕವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಸುಲಭವಾದ ಚಿತ್ರ ತೆಗೆದುಕೊಳ್ಳೋಣ. ವೃತ್ತದ ಮೇಲ್ತುದಿಯಲ್ಲಿ A, ಕೆಳಗಡೆ ಎಡಕ್ಕೆ B, ಬಲಕ್ಕೆ C, ನಡುವೆ ಕೇಂದ್ರ O. ∠BAC ಒಂದು ಲಘುಕೋನ, O ಅದರ ಒಳಗಿದೆ. ಈಗ Aನಿಂದ Oಗೆ ಗೆರೆ ಎಳೆದು ಅದನ್ನು ವೃತ್ತದ ಇನ್ನೊಂದು ಪಕ್ಕದ D ತನಕ ಮುಂದುವರಿಸಿ. ಕೋನ ಎರಡು ಹೋಳಾಯಿತು. ಎಡಗಡೆಯ ಹೋಳು 20 ಡಿಗ್ರಿ, ಬಲಗಡೆಯದು 35 ಡಿಗ್ರಿ ಇರಲಿ, ಒಟ್ಟು 55.

ಎಡಗಡೆಯ ತ್ರಿಭುಜ OAB ನೋಡಿ. OA, OB ಎರಡೂ ತ್ರಿಜ್ಯ, ಆದ್ದರಿಂದ ಸಮ. ಎರಡು ಬಾಹು ಸಮವಾದರೆ ಅವುಗಳ ಎದುರಿನ ಕೋನಗಳೂ ಸಮ. Aನಲ್ಲಿ 20 ಇದ್ದರೆ Bಯಲ್ಲೂ 20. ಈ ತ್ರಿಭುಜದ AO ಬಾಹುವನ್ನು ನಾವು D ಕಡೆಗೆ ಮುಂದುವರಿಸಿದ್ದೇವೆ. ತ್ರಿಭುಜದ ಹೊರಕೋನ ಅದರ ಅಂತರಾಭಿಮುಖ ಕೋನಗಳೆರಡರ ಮೊತ್ತಕ್ಕೆ ಸಮವೆಂಬುದು ಎಂಟನೇ ತರಗತಿಯೊಳಗೇ ಕಲಿತ ವಿಷಯ. ಹೀಗಾಗಿ ∠BOD ಎಂದರೆ 20 ಕೂಡಿಸು 20, ಅಂದರೆ 40. ಎರಡರಷ್ಟಾಗುವ ಗುಟ್ಟು ಇಲ್ಲಿದೆ: ಸಮದ್ವಿಬಾಹು ತ್ರಿಭುಜದ ಒಂದೇ ಅಳತೆಯ ಎರಡು ಕೋನಗಳು ಕೇಂದ್ರದಲ್ಲಿ ಒಟ್ಟಿಗೆ ಬಂದು ಕೂರುತ್ತವೆ. ಬಲಗಡೆಯೂ ಹಾಗೆಯೇ, 35 ಮತ್ತು 35 ಸೇರಿ 70. ಎರಡನ್ನೂ ಕೂಡಿದರೆ ಕೇಂದ್ರದಲ್ಲಿ 110, ಅಂಚಿನಲ್ಲಿ 55.

O ಕೋನದ ಹೊರಗಿದ್ದರೆ ಕೂಡುವ ಬದಲು ಕಳೆಯುತ್ತೇವೆ. AD ಗೆರೆಯಿಂದ ಒಂದು ಬಾಹುವಿಗೆ 50 ಡಿಗ್ರಿ, ಅದೇ ಪಕ್ಕದ ಇನ್ನೊಂದು ಬಾಹುವಿಗೆ 20 ಡಿಗ್ರಿ ಇದ್ದರೆ ಅಂಚಿನ ಕೋನ 30. ಕೇಂದ್ರದಲ್ಲಿ 100 ಕಳೆ 40, ಅಂದರೆ 60.

ಇನ್ನು ನಮ್ಮ 100 ಡಿಗ್ರಿಯ Qಗೆ ಬರೋಣ. ಅದೇ ಗೆರೆಯನ್ನು ಎಳೆಯಿರಿ, Qನಿಂದ Oಗೆ, ಅಲ್ಲಿಂದ ಮುಂದಕ್ಕೆ ವೃತ್ತದ ತಳದಲ್ಲಿರುವ Tಗೆ. 100 ಡಿಗ್ರಿ 45 ಮತ್ತು 55 ಎಂದು ಹೋಳಾಯಿತು ಎನ್ನೋಣ. ಎಡಗಡೆ ∠POT 90 ಡಿಗ್ರಿ, ಬಲಗಡೆ ∠ROT 110 ಡಿಗ್ರಿ. ಎರಡೂ ಸೇರಿ 200. ಸಾಧನೆ ಎಲ್ಲೂ ಮುರಿದುಬೀಳಲಿಲ್ಲ. ಈ 200 ಡಿಗ್ರಿ ಎಲ್ಲಿದೆ ಎಂದು ಮಾತ್ರ ನೋಡಬೇಕು. OPಯಿಂದ ಹೊರಟು, ಕೆಳಗಿನ OT ದಾಟಿ, OR ತಲುಪುವ ತಿರುವು ಅದು. ಅಂದರೆ Oನ ಕೆಳಗಡೆ ಇರುವ, ಅಧಿಕ ಕಂಸಕ್ಕೆ ಎದುರಾದ ಕೋನ. 180 ಡಿಗ್ರಿಗಿಂತ ದೊಡ್ಡದಾದ ಇಂಥ ಕೋನವನ್ನು ಪುಸ್ತಕದಲ್ಲಿ ಸರಳಾಧಿಕ ಕೋನ ಎನ್ನುತ್ತಾರೆ. ಅದು ತ್ರಿಭುಜ OPRನ ಒಳಗಿನ ಕೋನವಲ್ಲ, ಹೊರಗೆ ಸುತ್ತಿಕೊಂಡು ಬರುವ ಕೋನ.

ಒಂದು ಬಿಂದುವಿನ ಸುತ್ತ ಒಟ್ಟು 360 ಡಿಗ್ರಿ. ಕೆಳಗೆ 200 ಹೋದರೆ ಮೇಲೆ, ತ್ರಿಭುಜದ ಒಳಗೆ, ಉಳಿಯುವುದು 160. ತ್ರಿಭುಜ OPRನಲ್ಲಿ OP ಮತ್ತು OR ಸಮ, ಹಾಗಾಗಿ P ಮತ್ತು Rನ ಕೋನಗಳೂ ಸಮ. ಅವೆರಡಕ್ಕೆ ಉಳಿದದ್ದು 20 ಡಿಗ್ರಿ. ಹಂಚಿದರೆ ತಲಾ 10. ಉತ್ತರ: ∠OPR = 10°.

ಪಠ್ಯಪುಸ್ತಕದಲ್ಲಿ ಈ ಪ್ರಮೇಯಕ್ಕೆ ಒಂದಲ್ಲ, ಮೂರು ಚಿತ್ರಗಳನ್ನು ಕೊಟ್ಟಿರುವುದು ಇದಕ್ಕಾಗಿಯೇ. ಕಂಸ ಲಘುವಾಗಿದ್ದಾಗ ಒಂದು, ಅರ್ಧವೃತ್ತವಾಗಿದ್ದಾಗ ಒಂದು, ಅಧಿಕವಾಗಿದ್ದಾಗ ಇನ್ನೊಂದು. ಹೆಚ್ಚಿನ ತರಗತಿಗಳಲ್ಲಿ ಮೊದಲ ಚಿತ್ರಕ್ಕೆ ಹಲಗೆಯ ಮೇಲೆ ಪೂರ್ತಿ ಸಾಧನೆ ಸಿಗುತ್ತದೆ, ಮೂರನೆಯದಕ್ಕೆ ‘ಇದೂ ಹಾಗೆಯೇ’ ಎಂಬ ಒಂದು ಮಾತು. ಆದರೆ ಮೂರನೆಯದರ ಇತಿಹಾಸ ಸ್ವಾರಸ್ಯವಾದದ್ದು. ಕ್ರಿಸ್ತಪೂರ್ವ 300ರ ಸುಮಾರಿನ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಮೂರನೇ ಪುಸ್ತಕದ 20ನೇ ಪ್ರಮೇಯದಲ್ಲಿ ಇದೇ ಮಾತನ್ನು ಸಾಧಿಸಿದ್ದಾನೆ. ಅವನ ಲೆಕ್ಕದಲ್ಲಿ ಕೋನವೆಂದರೆ ಎರಡು ಲಂಬಕೋನಗಳಿಗಿಂತ ಕಡಿಮೆ ಇರುವಂಥದ್ದು ಮಾತ್ರ. 200 ಡಿಗ್ರಿಯ ಕೋನ ಎಂಬ ವಸ್ತುವೇ ಅಲ್ಲಿಲ್ಲ. ಹಾಗಾಗಿ ಅಂಚಿನ ಕೋನ 100 ಡಿಗ್ರಿಯಾದಾಗ ಅವನ ಪ್ರಮೇಯವನ್ನು ಅಕ್ಷರಶಃ ಅನ್ವಯಿಸಲು ಬರುವುದಿಲ್ಲ. ನಮ್ಮ ಒಂಬತ್ತನೇ ತರಗತಿಯ ಮಗು ತಡವರಿಸುವ ಜಾಗ ಎರಡು ಸಾವಿರ ವರ್ಷಗಳಿಗಿಂತ ಹಿಂದೆಯೇ ಇದ್ದ ಒಂದು ಗಡಿ. ಯೂಕ್ಲಿಡ್‌ನ ಈ ರೇಖಾಗಣಿತ ಸಂಸ್ಕೃತಕ್ಕೆ ಬಂದದ್ದು 18ನೇ ಶತಮಾನದ ಆರಂಭದಲ್ಲಿ. ಜೈಪುರವನ್ನು ಕಟ್ಟಿದ ಸವಾಯಿ ಜಯಸಿಂಹನ ಆಶ್ರಯದಲ್ಲಿದ್ದ ಜಗನ್ನಾಥ ಸಾಮ್ರಾಟ, ನಾಸಿರ್ ಅಲ್-ದೀನ್ ಅಲ್-ತೂಸಿಯ ಅರಬ್ಬೀ ಆವೃತ್ತಿಯಿಂದ ಅದನ್ನು ‘ರೇಖಾಗಣಿತ’ ಎಂಬ ಹೆಸರಿನಲ್ಲೇ ಸಂಸ್ಕೃತಕ್ಕೆ ತಂದ.

ಸರಳಾಧಿಕ ಕೋನದ ಹೆಸರೆತ್ತದೆಯೂ ನಮ್ಮ ಲೆಕ್ಕ ಬಿಡಿಸಬಹುದು. ಆ ದಾರಿ ನನಗೆ ಇನ್ನೂ ಇಷ್ಟ, ಏಕೆಂದರೆ ಅದರಲ್ಲಿ ಪ್ರಮೇಯವೇ ಬೇಡ, ತ್ರಿಜ್ಯಗಳು ಸಮ ಎಂಬ ಒಂದೇ ಮಾತು ಸಾಕು. OQ ಗೆರೆ ಎಳೆಯಿರಿ. OPQ ಸಮದ್ವಿಬಾಹು ತ್ರಿಭುಜ, ಹಾಗಾಗಿ Pನ ಹತ್ತಿರದ ಕೋನ, Qನಲ್ಲಿರುವ ಎಡ ಹೋಳಿಗೆ ಸಮ. ORQ ಕೂಡ ಹಾಗೆಯೇ, Rನ ಹತ್ತಿರದ ಕೋನ Qನಲ್ಲಿರುವ ಬಲ ಹೋಳಿಗೆ ಸಮ. ಎಡ ಹೋಳು, ಬಲ ಹೋಳು ಎಷ್ಟೆಷ್ಟು ಎಂದು ತಿಳಿಯದಿದ್ದರೂ ಚಿಂತೆಯಿಲ್ಲ, ಒಟ್ಟು 100 ಎಂಬುದು ಗೊತ್ತು. ಹಾಗಾದರೆ P ಮತ್ತು Rನ ಕೋನಗಳ ಮೊತ್ತವೂ 100. ಚತುರ್ಭುಜ OPQRನ ನಾಲ್ಕು ಕೋನಗಳು ಸೇರಿ 360. Qನದು 100, P ಮತ್ತು R ಸೇರಿ 100, ಹಾಗಾಗಿ Oನಲ್ಲಿ ಉಳಿಯುವುದು 160. ಮೊದಲಿನ ಉತ್ತರಕ್ಕೇ ಬಂದು ಸೇರಿದೆವು.

ಈ ಲೆಕ್ಕದಲ್ಲಿ ಬರುವ ತಪ್ಪು ಉತ್ತರಗಳಿಗೂ ಒಂದು ಕ್ರಮವಿದೆ. ಅತಿ ಸಾಮಾನ್ಯವಾದದ್ದು 65. ಕೇಂದ್ರದ ಕೋನ ಅಂಚಿನದರ ಅರ್ಧ ಎಂದು ಸೂತ್ರವನ್ನು ತಲೆಕೆಳಗು ಮಾಡಿಕೊಂಡರೆ ∠POR 50 ಆಗುತ್ತದೆ, ಉಳಿದ 130ನ್ನು ಹಂಚಿದರೆ 65. ಇದು ತಪ್ಪೆಂದು ತಿಳಿಯಲು ಚಿತ್ರವೇ ಸಾಕು. ಜ್ಯಾ ಒಂದೇ ಇರುವಾಗ ಅದರಿಂದ ದೂರ ಸರಿದಷ್ಟೂ ಕೋನ ಕಿರಿದಾಗುತ್ತದೆ. O ಕೆಳಗಡೆಗೆ 50 ಡಿಗ್ರಿಯಾಗುವಷ್ಟು ದೂರ ಹೋಗಿದ್ದರೆ, ವೃತ್ತ ಎಷ್ಟು ದೊಡ್ಡದಾಗಬೇಕಿತ್ತೆಂದರೆ ಮೇಲಿನ ಕಂಸ ಬಹುಪಾಲು ಚಪ್ಪಟೆಯಾಗುತ್ತಿತ್ತು. ಆ ಚಪ್ಪಟೆ ಕಂಸದ ಮೇಲಿನ Qನಲ್ಲಿ 155 ಡಿಗ್ರಿ ಏರ್ಪಡುತ್ತಿತ್ತೇ ಹೊರತು 100 ಅಲ್ಲ. ಇನ್ನು ಕೆಲವು ಮಕ್ಕಳು 180ರಿಂದ 200 ಕಳೆದು, ಬಂದ ಮೈನಸ್ 20ನ್ನು ಎರಡರಿಂದ ಭಾಗಿಸಿ, ಮೈನಸ್ 10 ಎಂದು ಬರೆದು, ಗಾಬರಿಯಾಗಿ ಅಳಿಸಿಬಿಡುತ್ತಾರೆ. ಅಳಿಸಬಾರದಿತ್ತು ಎಂದು ನನಗನಿಸುತ್ತದೆ. ಆ ಮೈನಸ್ ಚಿಹ್ನೆಗೂ ಒಂದು ಅರ್ಥವಿದೆ, ಅದಕ್ಕೆ ಮುಂದೆ ಬರುತ್ತೇನೆ.

ಇನ್ನೊಂದು ಬಗೆಯ ತಪ್ಪು ಲೆಕ್ಕದಲ್ಲಲ್ಲ, ಚಿತ್ರವನ್ನು ನೋಟ್‌ಬುಕ್ಕಿಗೆ ಇಳಿಸುವಾಗಲೇ ಆಗುತ್ತದೆ. ಫೋಟೊ ನೋಡಿ ಚಿತ್ರ ಬರೆಯುವಾಗ Oಯನ್ನು ಜ್ಯಾದ ಮೇಲ್ಗಡೆಗೆ, Q ಇರುವ ಪಕ್ಕಕ್ಕೇ ಹಾಕಿಬಿಡುತ್ತಾರೆ. ಹಾಗೆ ಹಾಕಿದರೆ Qನ ಕೋನ 100 ಆಗಲು ಸಾಧ್ಯವೇ ಇಲ್ಲ. Q ಮತ್ತು O ಜ್ಯಾದ ಒಂದೇ ಪಕ್ಕದಲ್ಲಿದ್ದರೆ ಅಂಚಿನ ಕೋನ 90ಕ್ಕಿಂತ ಕಡಿಮೆ, ಬೇರೆ ಬೇರೆ ಪಕ್ಕದಲ್ಲಿದ್ದರೆ 90ಕ್ಕಿಂತ ಹೆಚ್ಚು, O ಜ್ಯಾದ ಮೇಲೆಯೇ ಇದ್ದರೆ ಸರಿಯಾಗಿ 90. ಕೊನೆಯದು ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬ ಪ್ರಮೇಯ. ಯೂಕ್ಲಿಡ್‌ಗಿಂತ ಹಿಂದಿನ, ಮಿಲೇಟಸ್‌ನ ಥೇಲ್ಸ್ ಹೆಸರಿನೊಂದಿಗೆ ಅದು ಸೇರಿಕೊಂಡಿದೆ. ಉತ್ತರ 10 ಎಂದು ಬಂದ ಮೇಲೆ ಚಿತ್ರವನ್ನು ಮತ್ತೊಮ್ಮೆ ನೋಡಿ. ಅಳತೆಗೆ ಸರಿಯಾಗಿ ಬರೆದರೆ O ಜ್ಯಾಕ್ಕೆ ತೀರಾ ಹತ್ತಿರ, ಅದರ ಸ್ವಲ್ಪವೇ ಕೆಳಗೆ ಇರಬೇಕು. ನೂರು ಡಿಗ್ರಿ ಎಂಬುದು ತೊಂಬತ್ತಕ್ಕೆ ಹತ್ತಿರದ ಸಂಖ್ಯೆ ತಾನೇ.

ಕೇಂದ್ರದ ವಿಚಾರದಲ್ಲೂ ಹುಷಾರಾಗಿರಬೇಕು. ವೃತ್ತದೊಳಗೆ ಎರಡು ಜ್ಯಾಗಳು ಒಂದನ್ನೊಂದು ಕತ್ತರಿಸುವ ಚಿತ್ರಗಳು ಪುಸ್ತಕದಲ್ಲಿ ಬೇಕಾದಷ್ಟಿವೆ. ಕತ್ತರಿಸುವ ಬಿಂದು ನಡುವಿನಲ್ಲಿರುವಂತೆ ಕಂಡರೂ ಅದು ಕೇಂದ್ರವಲ್ಲ, ಅದಕ್ಕೆ ‘ಎರಡರಷ್ಟು’ ಎಂಬ ಮಾತು ಸಲ್ಲದು. ಪುಸ್ತಕದವರು ಅಲ್ಲಿ O ಬದಲು E ಅಥವಾ ಇನ್ನಾವುದೋ ಅಕ್ಷರ ಹಾಕಿರುತ್ತಾರೆ. ಮಸುಕಾದ ಫೋಟೊದಲ್ಲಿ ಆ ಅಕ್ಷರ ಏನೆಂದು ಕಾಣದಿದ್ದರೆ ಪ್ರಶ್ನೆಯ ಸಾಲನ್ನೂ ಫೋಟೊ ತೆಗೆದು ಕಳಿಸಲು ಹೇಳುವುದೇ ಸರಿ.

ಈಗ Qಯನ್ನು ಮೇಲಿನ ಕಂಸದ ಮೇಲೆ ಎಡಕ್ಕೂ ಬಲಕ್ಕೂ ಸರಿಸೋಣ. ಟಾರ್ಚಿನ ಬೆಳಕು ಯಾವಾಗಲೂ ಅದೇ ಕೆಳಗಿನ ಕಂಸದ ಮೇಲೆ ಬೀಳುತ್ತದೆ, ಆ ಕಂಸ ಕೇಂದ್ರದಲ್ಲಿ ಯಾವಾಗಲೂ 200 ಡಿಗ್ರಿ, ಆದ್ದರಿಂದ Qನಲ್ಲಿ ಯಾವಾಗಲೂ 100. ಒಂದೇ ವೃತ್ತಖಂಡದ ಕೋನಗಳು ಸಮ ಎಂದು ಪುಸ್ತಕದಲ್ಲಿ ಪ್ರತ್ಯೇಕ ಪ್ರಮೇಯವಾಗಿ ಬರುವುದು ಇದೇ. ಕೆಳಗಿನ ಕಂಸದ ಮೇಲೆ S ಎಂಬ ಬಿಂದು ಇಟ್ಟರೆ ಬೆಳಕು ಬೀಳುವುದು ಮೇಲಿನ ಕಂಸಕ್ಕೆ, ಅದು ಕೇಂದ್ರದಲ್ಲಿ 160, ಹಾಗಾಗಿ Sನಲ್ಲಿ 80. ನೂರು ಮತ್ತು ಎಂಬತ್ತು ಸೇರಿ 180: ಚಕ್ರೀಯ ಚತುರ್ಭುಜದ ಅಭಿಮುಖ ಕೋನಗಳ ಪ್ರಮೇಯ. ಮೂರು ಪ್ರಮೇಯಗಳೆಂದು ಬೇರೆ ಬೇರೆಯಾಗಿ ಕಂಠಪಾಠ ಮಾಡಿದವು ಒಂದೇ ಚಿತ್ರದಲ್ಲಿ ಒಟ್ಟಿಗೆ ಕೂತಿವೆ.

Qಯನ್ನು ಸರಿಸುತ್ತಾ ಸರಿಸುತ್ತಾ Pಯನ್ನೇ ಮುಟ್ಟಿಸಿದರೆ? ಈ ಪ್ರಶ್ನೆಯನ್ನು ಪುಸ್ತಕ ಕೇಳುವುದಿಲ್ಲ, ಆದರೆ ಕೇಳುವ ಮಕ್ಕಳಿದ್ದಾರೆ. Q ಹತ್ತಿರವಾದಷ್ಟೂ QP ಗೆರೆ ಮೊಟಕಾಗುತ್ತದೆ, ಅದರ ದಿಕ್ಕು ಮಾತ್ರ ಕಳೆದುಹೋಗುವುದಿಲ್ಲ. ಅದು Pನಲ್ಲಿ ವೃತ್ತವನ್ನು ಮುಟ್ಟಿ ಹೋಗುವ ಸ್ಪರ್ಶಕದ ದಿಕ್ಕಿಗೆ ಹೊಂದಿಕೊಳ್ಳುತ್ತದೆ. ಕೋನ 100 ಆಗಿಯೇ ಉಳಿಯುತ್ತದೆ, ಈಗ ಅದು ಕೆಳಕ್ಕೆ ಹೋಗುವ ಸ್ಪರ್ಶಕಕ್ಕೂ ಜ್ಯಾ PRಗೂ ನಡುವಿನ ಕೋನ. ಹಾಗಾದರೆ ಮೇಲಕ್ಕೆ ಹೋಗುವ ಸ್ಪರ್ಶಕಕ್ಕೂ ಜ್ಯಾಕ್ಕೂ ನಡುವೆ 80, ಅಂದರೆ Sನಲ್ಲಿ ಕಂಡ ಕೋನವೇ. ಯೂಕ್ಲಿಡ್ ಇದನ್ನು 32ನೇ ಪ್ರಮೇಯವಾಗಿ ಇಟ್ಟಿದ್ದಾನೆ. ತ್ರಿಜ್ಯ ಸ್ಪರ್ಶಕಕ್ಕೆ ಲಂಬ ಎಂಬುದು ಹತ್ತನೇ ತರಗತಿಯ ಪಾಠ. ಮೇಲಿನ ಸ್ಪರ್ಶಕದಿಂದ 80 ಡಿಗ್ರಿ ಇಳಿದರೆ ಜ್ಯಾ ಸಿಗುತ್ತದೆ, 90 ಡಿಗ್ರಿ ಇಳಿದರೆ ತ್ರಿಜ್ಯ PO ಸಿಗುತ್ತದೆ. ನಡುವೆ 10. ನಮ್ಮ ಉತ್ತರವನ್ನು ಮೂರನೇ ದಾರಿಯಲ್ಲಿ ತಾಳೆ ನೋಡಿದಂತಾಯಿತು.

ಇದೆಲ್ಲ Q ವೃತ್ತದ ಮೇಲಿರುವ ತನಕ ಮಾತ್ರ. ಜ್ಯಾದ ಅದೇ ಪಕ್ಕದಲ್ಲಿ Q ವೃತ್ತದ ಒಳಕ್ಕೆ ಬಂದರೆ ಕೋನ 100ಕ್ಕಿಂತ ದೊಡ್ಡದಾಗುತ್ತದೆ, ಹೊರಕ್ಕೆ ಹೋದರೆ ಚಿಕ್ಕದಾಗುತ್ತದೆ. ಅಂದರೆ P ಮತ್ತು Rಗಳನ್ನು ನೋಡುವ ಕೋನವನ್ನು ಅಳೆದರೆ ನಾವು ವೃತ್ತದ ಒಳಗಿದ್ದೇವೆಯೋ ಹೊರಗಿದ್ದೇವೆಯೋ ಎಂದು ಹೇಳಬಹುದು, ಕೇಂದ್ರ ಎಲ್ಲಿದೆ ಎಂದು ಕಾಣದಿದ್ದರೂ. ಉಪಗ್ರಹಗಳು ಬರುವುದಕ್ಕೆ ಮುಂಚೆ ಕರಾವಳಿಯ ಹತ್ತಿರ ಹಡಗು ನಡೆಸುತ್ತಿದ್ದವರು ಈ ಮಾತನ್ನು ದಿನನಿತ್ಯ ಬಳಸುತ್ತಿದ್ದರು. ದಡದಲ್ಲಿ ಎರಡು ದೀಪಸ್ತಂಭಗಳು, ಅವುಗಳ ಮುಂದೆ ಸಮುದ್ರದಲ್ಲಿ ಮುಳುಗಿದ ಬಂಡೆಗಳು ಎಂದುಕೊಳ್ಳಿ. ನಕ್ಷೆಯ ಮೇಲೆ ಎರಡೂ ದೀಪಸ್ತಂಭಗಳ ಮೂಲಕ ಹಾಯ್ದು ಬಂಡೆಗಳನ್ನೆಲ್ಲ ಒಳಗೆ ಹಾಕಿಕೊಳ್ಳುವ ಒಂದು ವೃತ್ತ ಎಳೆಯುತ್ತಾರೆ. ಆ ವೃತ್ತದ ಸಮುದ್ರದ ಕಡೆಯ ಕಂಸದ ಮೇಲಿನಿಂದ ನೋಡಿದರೆ ದೀಪಸ್ತಂಭಗಳ ನಡುವಿನ ಕೋನ 50 ಡಿಗ್ರಿ ಇರಲಿ. ನಾವಿಕ ಸೆಕ್ಸ್‌ಟೆಂಟ್ ಎಂಬ ಕೋನ ಅಳೆಯುವ ಉಪಕರಣವನ್ನು ಅಡ್ಡಲಾಗಿ ಹಿಡಿದು ಆಗಾಗ ಅಳೆಯುತ್ತಾನೆ. ಕೋನ 50ಕ್ಕಿಂತ ಕಡಿಮೆ ಇರುವ ತನಕ ಹಡಗು ವೃತ್ತದ ಹೊರಗಿದೆ. 50 ದಾಟಿತೆಂದರೆ ಹೊರಕ್ಕೆ ತಿರುಗಿಸಬೇಕು.

ಕೋನ ಮೊದಲೇ ಗೊತ್ತಿದ್ದು ವೃತ್ತ ಎಳೆಯಬೇಕಾದಾಗ ನಮ್ಮ ಪಠ್ಯಪುಸ್ತಕದ ಲೆಕ್ಕವೇ ನಕ್ಷೆಯ ಮೇಲೆ ಬರುತ್ತದೆ. ಅಂಚಿನಲ್ಲಿ 50 ಇದ್ದರೆ ಕೇಂದ್ರದಲ್ಲಿ 100, ಉಳಿದ 80ನ್ನು ಹಂಚಿದರೆ ಪ್ರತಿ ದೀಪಸ್ತಂಭದಲ್ಲಿ 40. ಎರಡೂ ಸ್ತಂಭಗಳನ್ನು ಸೇರಿಸುವ ಗೆರೆಯಿಂದ ಸಮುದ್ರದ ಕಡೆಗೆ 40 ಡಿಗ್ರಿಯ ಎರಡು ಗೆರೆ ಎಳೆದರೆ ಅವು ಕೂಡುವ ಜಾಗವೇ ಕೇಂದ್ರ. ಸುಲಭದ ಲೆಕ್ಕವೆಂದರೆ 90ರಿಂದ ಅಂಚಿನ ಕೋನ ಕಳೆಯುವುದು. ಅಳೆದ ಕೋನ 100 ಆದರೆ 90 ಕಳೆ 100, ಮೈನಸ್ 10. ಆ ಹುಡುಗ ಗಾಬರಿಯಾಗಿ ಅಳಿಸಿದ ಸಂಖ್ಯೆ ಇದೇ. ಕೇಂದ್ರ ಸಮುದ್ರದ ಕಡೆಗಿಲ್ಲ, ಗೆರೆಯ ಇನ್ನೊಂದು ಪಕ್ಕದಲ್ಲಿ, ದಡದ ಕಡೆಗಿದೆ, ಅತ್ತ 10 ಡಿಗ್ರಿಯ ಗೆರೆ ಎಳೆಯಿರಿ ಎಂದು ಮೈನಸ್ ಚಿಹ್ನೆ ಹೇಳುತ್ತಿದೆ. ನಮ್ಮ ಚಿತ್ರದಲ್ಲಿ Q ಮೇಲಿದ್ದು O ಜ್ಯಾದ ಕೆಳಗಿದ್ದದ್ದೂ ಅದೇ ಕಾರಣಕ್ಕೆ.

ಎರಡರ ಬದಲು ಮೂರು ಗುರುತುಗಳಿದ್ದರೆ ಹಡಗು ಎಲ್ಲಿದೆ ಎಂದೇ ಹೇಳಬಹುದು. ಮೊದಲ ಎರಡು ಗುರುತುಗಳ ನಡುವಿನ ಕೋನ ಒಂದು ವೃತ್ತ ಕೊಡುತ್ತದೆ, ಎರಡನೆಯದು ಮತ್ತು ಮೂರನೆಯದರ ನಡುವಿನ ಕೋನ ಇನ್ನೊಂದು. ಎರಡೂ ವೃತ್ತಗಳು ನಡುವಿನ ಗುರುತಿನ ಮೂಲಕ ಹಾಯುತ್ತವೆ, ಅವು ಮತ್ತೆ ಕತ್ತರಿಸುವ ಇನ್ನೊಂದು ಬಿಂದುವಿನಲ್ಲಿ ಹಡಗು ಇದೆ. ಇದು ಕೈಕೊಡುವ ಸನ್ನಿವೇಶ ಒಂದೇ: ಮೂರು ಗುರುತುಗಳೂ ಹಡಗೂ ಒಂದೇ ವೃತ್ತದ ಮೇಲೆ ಬಂದಾಗ. ಆಗ ಎರಡು ವೃತ್ತಗಳು ಒಂದರ ಮೇಲೊಂದು ಕೂತು ಒಂದೇ ಆಗಿಬಿಡುತ್ತವೆ, ಹಡಗು ಆ ಕಂಸದ ಉದ್ದಕ್ಕೂ ಎಲ್ಲಿ ಸಾಗಿದರೂ ಎರಡು ಕೋನಗಳೂ ಕದಲುವುದಿಲ್ಲ. ಅದಕ್ಕಾಗಿ ನಾವಿಕರು ಗುರುತುಗಳನ್ನು ಆರಿಸುವಾಗ ಮೂರೂ ಒಂದೇ ಸಾಲಿನಲ್ಲಿರುವಂತೆ, ಇಲ್ಲವೇ ನಡುವಿನದು ಹಡಗಿಗೆ ಉಳಿದೆರಡಕ್ಕಿಂತ ಹತ್ತಿರವಿರುವಂತೆ ನೋಡಿಕೊಳ್ಳುತ್ತಿದ್ದರು. ಹಾಗೆ ಆರಿಸಿದರೆ ನಾಲ್ಕೂ ಬಿಂದುಗಳು ಒಂದೇ ವೃತ್ತದ ಮೇಲೆ ಬರುವುದಿಲ್ಲ.